ಮಾತ್ರೆ ನುಂಗಿ ಊಟ ಬಿಟ್ಟರೆ

ಏಕಾದಶಿಯ ಬೆಳಿಗ್ಗೆ ಎಂದಿನಂತೆ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಉಪವಾಸ ಕೂತರೆ, ಹೊಟ್ಟೆ ಖಾಲಿಯಿದ್ದರೂ ಆ ಮಾತ್ರೆ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ರಕ್ತದ ಸಕ್ಕರೆ 70ಕ್ಕಿಂತ ಇಳಿದಾಗ ಕೈ ನಡುಗುತ್ತದೆ, ತಣ್ಣನೆ ಬೆವರು, ಎದೆಬಡಿತ, ತಡೆಯಲಾರದ ಹಸಿವು. 54ಕ್ಕಿಂತ ಕೆಳಗಿಳಿದರೆ ಮಾತು ತೊದಲುತ್ತದೆ, ವಿನಾಕಾರಣ ಸಿಟ್ಟು ಬರುತ್ತದೆ. ಮನೆಯವರು ‘ಉಪವಾಸದ ಸುಸ್ತು’ ಎಂದು ಮಲಗಿಸಿಬಿಡುವುದು ಆಗಲೇ. ಅದೇ ದೊಡ್ಡ ತಪ್ಪು.

ಸ್ನಾಯುಗಳು ಕೊಬ್ಬನ್ನು ಉರಿಸಿಯಾದರೂ ಸಂಭಾಳಿಸುತ್ತವೆ. ಮಿದುಳಿಗೆ ಆ ದಾರಿಯಿಲ್ಲ, ಸಕ್ಕರೆಯ ದಾಸ್ತಾನೂ ಇಲ್ಲವೆನ್ನುವಷ್ಟು ಕಡಿಮೆ. ರಕ್ತ ತಂದುಕೊಟ್ಟದ್ದರಲ್ಲೇ ಅದರ ಬದುಕು. ಹಾಗಾಗಿ ಮೊದಲು ಮಂಕಾಗುವುದು ಬುದ್ಧಿ.

ಎಚ್ಚರವಿದ್ದು ನುಂಗಬಲ್ಲವರಿಗೆ ತಕ್ಷಣ 15 ಗ್ರಾಂ ಸಕ್ಕರೆ, ಅಂದರೆ ಮೂರು ತುಂಬು ಟೀ ಚಮಚ, ನೀರಲ್ಲಿ ಕದಡಿ ಕುಡಿಸಿ. ಲಾಡು, ಚಾಕೊಲೇಟ್ ಬೇಡ. ಅವುಗಳ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ. ವೊಗ್ಲಿಬೋಸ್ ಕೂಡ ನುಂಗುವವರಿಗೆ ಗ್ಲೂಕೋಸ್ ಪುಡಿಯೇ ಬೇಕು. 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. 70 ದಾಟದಿದ್ದರೆ ಇನ್ನೊಮ್ಮೆ ಕೊಡಿ, ದಾಟಿದರೆ ಊಟ ಮಾಡಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಈ ಮಾತ್ರೆಯ ಪ್ರಭಾವ ದಿನವಿಡೀ ಉಳಿಯುವುದರಿಂದ ಸಕ್ಕರೆ ಮತ್ತೆ ಕುಸಿಯಬಹುದು. ಚೇತರಿಸಿಕೊಂಡರೂ ಅಂದೇ ವೈದ್ಯರಿಗೆ ತೋರಿಸಿ.