ಐದು ಗುಂಟೆಗೆ ಎಷ್ಟು ಕಡಲೆ?

ಹಿಂಗಾರಿ ಕಡಲೆಗೆ ಎಕರೆಗೆ ಇಪ್ಪತ್ತೈದು ಕೆ.ಜಿ. ಬೀಜ ಎನ್ನುವ ಲೆಕ್ಕ ಎರೆಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಎಕರೆ ಎಂದರೆ 40 ಗುಂಟೆ. ಹಾಗಾದರೆ ಐದು ಗುಂಟೆಯ ತುಂಡಿಗೆ ಎಂಟನೇ ಒಂದು ಪಾಲು, ಮೂರು ಕೆ.ಜಿ.ಗಿಂತ ತುಸು ಹೆಚ್ಚು ಸಾಕಲ್ಲ? ಭಾಗಾಕಾರವೇನೋ ಸರಿಯಾಗಿದೆ. ಆದರೆ ಚೀಲದಲ್ಲಿರುವುದು ಊರಿನ ಸಣ್ಣ ಕಡಲೆಯೋ ದಪ್ಪ ಕಾಬೂಲಿಯೋ ಎಂದು ಈ ಲೆಕ್ಕ ಕೇಳುವುದೇ ಇಲ್ಲ.

ಹೊಲಕ್ಕೆ ಬೇಕಾದದ್ದು ತೂಕವಲ್ಲ, ಗಿಡ. ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಬಿಟ್ಟರೆ ಒಂದು ಚದರ ಮೀಟರಿನಲ್ಲಿ 33 ಗಿಡ ನಿಲ್ಲುತ್ತವೆ. ಆ ಗಿಡಗಳ ಎಣಿಕೆಯನ್ನು ಕೆ.ಜಿ.ಗೆ ತಿರುಗಿಸಿಕೊಡುವುದು ಸಾವಿರ ಕಾಳಿನ ತೂಕ.

ಅದನ್ನು ಕಂಡುಕೊಳ್ಳಲು ಪ್ರಯೋಗಾಲಯ ಬೇಕಿಲ್ಲ. ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆದು ತಟ್ಟೆಯಲ್ಲಿ ಕಲೆಸಿ. ಒಡೆದ ಕಾಳು, ಕಸ ಬೇರೆ ಮಾಡಿ. ಉಳಿದದ್ದನ್ನು ಸಿಕ್ಕಿದ ಹಾಗೆ ಹತ್ತು ಹತ್ತರ ಗುಂಪು ಮಾಡಿ ಎಣಿಸಿ. ಇಲ್ಲಿ ಕೈ ಮೋಸ ಮಾಡುತ್ತದೆ. ನಮಗೆ ಗೊತ್ತಿಲ್ಲದಂತೆ ಬೆರಳು ತುಂಬಿದ ಕಾಳನ್ನೇ ಹುಡುಕುತ್ತದೆ, ತೂಕ ಏರುತ್ತದೆ. ನೂರೇ ಕಾಳು ಎಣಿಸಿ ಅಡುಗೆಮನೆಯ ತಕ್ಕಡಿಗೆ ಹಾಕಿದರೂ ತಪ್ಪಬಹುದು. ಅದು 19 ಎಂದು ತೋರಿಸಿದ್ದು ನಿಜವಾಗಿ ಹತ್ತೊಂಬತ್ತೂವರೆ ಇರಬಹುದು. ಐನೂರು ಎಣಿಸಿ ಬಂದ ತೂಕವನ್ನು ಎರಡರಿಂದ ಗುಣಿಸಿದರೆ ಆ ತಪ್ಪು ಬಹುಮಟ್ಟಿಗೆ ಅಡಗುತ್ತದೆ. ಸಣ್ಣ ಕಡಲೆ ಸಾವಿರಕ್ಕೆ 190 ಗ್ರಾಂ, ದಪ್ಪ ಕಾಬೂಲಿ 400 ಗ್ರಾಂ ತೂಗಿತೆಂದು ಇಟ್ಟುಕೊಳ್ಳೋಣ.

ಇನ್ನು ಜಾಗದ ಲೆಕ್ಕ. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಐದು ಗುಂಟೆಗೆ ಸುಮಾರು 506 ಚದರ ಮೀಟರ್. ಪಹಣಿಯಲ್ಲಿ ಬರೆದ ಐದು ಗುಂಟೆಯಲ್ಲಿ ಬದುವೂ ಸೇರಿರಬಹುದು. ಆದ್ದರಿಂದ ಬಿತ್ತುವಷ್ಟು ಜಾಗಕ್ಕೆ ಮಾತ್ರ ಟೇಪು ಹಿಡಿಯುವುದು ಒಳ್ಳೆಯದು. ನಮ್ಮ ಉದಾಹರಣೆಯಲ್ಲಿ ಪೂರ್ತಿ ಬಿತ್ತುತ್ತೇವೆ ಎಂದುಕೊಂಡರೆ 506ಕ್ಕೆ 33, ಅಂದರೆ ಸುಮಾರು 16,700 ಗಿಡ ಬೇಕು.

ಹಾಕಿದ್ದೆಲ್ಲ ಹುಟ್ಟುವುದಿಲ್ಲ. ನೂರು ಕಾಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು, ಎಂಟನೇ ದಿನ ಬೇರು ಮತ್ತು ಚಿಗುರು ಎರಡೂ ನೆಟ್ಟಗಿರುವುದನ್ನಷ್ಟೇ ಎಣಿಸಬೇಕು. 85 ಬಂತೆನ್ನಿ. ಪ್ರಮಾಣಿತ ಕಡಲೆ ಬೀಜಕ್ಕೆ ಬೇಕಾದ ಕನಿಷ್ಠ ಮೊಳಕೆಯೂ ಇಷ್ಟೇ. ಗೋಣಿಯಲ್ಲಿ ಮೊಳೆತದ್ದು ಹೊಲದ ಹೆಂಟೆಯಡಿ, ತೇವ ಸಾಲದ ಕಡೆ ಸಾಯುವುದುಂಟು. ಅದಕ್ಕೆ ನೂರಕ್ಕೆ ಹತ್ತು ಬಿಡೋಣ. 16,700ನ್ನು 0.85ರಿಂದಲೂ ಮತ್ತೆ 0.90ರಿಂದಲೂ ಭಾಗಿಸಿದರೆ ಸುಮಾರು 21,800 ಕಾಳು. ಅಂದರೆ ಇಪ್ಪತ್ತೊಂದು ಸಾವಿರದ ಮೇಲೆ ಎಂಟುನೂರು, 21.8 ಸಾವಿರ. ಸಾವಿರಕ್ಕೆ 190 ಗ್ರಾಂನಂತೆ ಸಣ್ಣ ಕಡಲೆ 4 ಕೆ.ಜಿ. 140 ಗ್ರಾಂ ಬೇಕು. 400 ಗ್ರಾಂನಂತೆ ಕಾಬೂಲಿ ಎಂಟೂಮುಕ್ಕಾಲು ಕೆ.ಜಿ.ಯ ಹತ್ತಿರ.

ಬಾಯಿಲೆಕ್ಕದ ಮೂರು ಚಿಲ್ಲರೆ ಕೆ.ಜಿ.ಯನ್ನೇ ಬಿತ್ತಿದ್ದರೆ? ಸಣ್ಣ ಕಡಲೆ ಚದರ ಮೀಟರಿಗೆ 25 ಗಿಡ ಕೊಡುತ್ತಿತ್ತು. ಕವಲೊಡೆದು ಸ್ವಲ್ಪ ತುಂಬಿಕೊಳ್ಳುವ ಬೆಳೆ ಇದು, ಹೇಗೋ ನಿಭಾಯಿಸುತ್ತಿತ್ತು. ಕಾಬೂಲಿಯಾದರೆ 12ಕ್ಕೇ ನಿಲ್ಲುತ್ತಿತ್ತು. ಅಷ್ಟು ದೊಡ್ಡ ಖಾಲಿಯನ್ನು ಯಾವ ಕವಲೂ ತುಂಬುವುದಿಲ್ಲ, ಕಳೆ ತುಂಬುತ್ತದೆ. ಎಕರೆಯ 25 ಕೆ.ಜಿ.ಯನ್ನು ತಿರುಗಿಸಿ ನೋಡಿದರೆ ಗುಟ್ಟು ತಿಳಿಯುತ್ತದೆ: ಸಣ್ಣ ಕಡಲೆಯಲ್ಲಿ ಅದು ಸುಮಾರು 1,31,000 ಕಾಳು, ಹೆಚ್ಚೂ ಕಡಿಮೆ ಗಿಡಕ್ಕೊಂದರಂತೆ. ಸಣ್ಣ ಕಾಳಿಗೆ, ಅದೂ ಹಾಕಿದ್ದೆಲ್ಲ ಹುಟ್ಟಿದರೆ ಸರಿಹೋಗುವ ಅಂಕಿ ಅದು.

ಕಾಬೂಲಿಗೆ ಸಾಲನ್ನು 45 ಸೆಂ.ಮೀ.ಗೆ ಅಗಲಿಸುವವರು 33ರ ಬದಲು 22 ಇಟ್ಟು ಲೆಕ್ಕ ಹಾಕಬೇಕು. ಆಗ ಆರು ಕೆ.ಜಿ.ಯೊಳಗೆ ಮುಗಿಯುತ್ತದೆ.

ಲೆಕ್ಕ ಹೊಲದಲ್ಲಿ ನಿಂತಿತೇ ಎಂದು ನೋಡುವುದೂ ಸುಲಭ. 30 ಸೆಂ.ಮೀ. ಸಾಲಿನಲ್ಲಿ 21,800 ಕಾಳು ಬಿದ್ದರೆ ಮೀಟರಿಗೆ ಹದಿಮೂರು. ಕೂರಿಗೆ ಹೋದ ಹಿಂದೆಯೇ ಒಂದು ಮೀಟರ್ ಸಾಲು ಕೆದರಿ ಎಣಿಸಿ. ನಾಲ್ಕು ಕಡೆ ನೋಡಿದರೆ ಸಾಕು. ಎಂಟೊಂಬತ್ತೇ ಸಿಕ್ಕರೆ ಮುಂದಿನ ಸಾಲಿಗೆ ಕೈ ದಪ್ಪ ಮಾಡಬಹುದು. ಹೊಲ ಪೂರ್ತಿ ಬಿತ್ತಿದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ.

ಹೋದ ವರ್ಷದ ತೂಕವನ್ನು ಈ ವರ್ಷಕ್ಕೆ ನಂಬಬೇಡಿ. ಕೊನೆಯಲ್ಲಿ ತೇವ ಕೈಕೊಟ್ಟ ಬೆಳೆಯ ಕಾಳು ಅದೇ ತಳಿಯದಾದರೂ ಸಣ್ಣದಾಗಿರುತ್ತದೆ. ಚೀಲ ಬದಲಾದಾಗಲೆಲ್ಲ ಐನೂರು ಕಾಳು ಮತ್ತೆ ಎಣಿಸಿ, ಬೀಜೋಪಚಾರದ ಪುಡಿ ಹಚ್ಚುವ ಮುಂಚೆಯೇ.