ಅಂಕಿ ತಿರುಗುವುದಿಲ್ಲ, ಜಾಗ ಮರೆಯುವುದಿಲ್ಲ

ತಲೆಗೆ ಪೆಟ್ಟು ಬಿದ್ದವರನ್ನು, ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡವರನ್ನು, ಮರೆವು ಹೆಚ್ಚಾಗಿದೆ ಎಂದು ಬಂದವರನ್ನು ನರರೋಗ ತಜ್ಞರು ನ್ಯೂರೋಸೈಕಾಲಜಿ ಪರೀಕ್ಷೆಗೆ ಕಳಿಸುತ್ತಾರೆ. ಎರಡು ಮೂರು ಗಂಟೆಯ ಪರೀಕ್ಷೆ ಮುಗಿದ ಮೇಲೆ ಹಲವು ಪುಟಗಳ ವರದಿ ಕೈಗೆ ಬರುತ್ತದೆ. ಅದರ ನಡುವೆ ಎಲ್ಲೋ ಒಂದು ಸಾಲು: ‘ಡಿಜಿಟ್ ಸ್ಪ್ಯಾನ್ ಬ್ಯಾಕ್‌ವರ್ಡ್ ಕಡಿಮೆ, ಸ್ಪೇಷಿಯಲ್ ಸ್ಪ್ಯಾನ್ ಸಾಮಾನ್ಯ.’ ಮನೆಯವರು ಓದುವುದು ‘ಕಡಿಮೆ’ ಎಂಬ ಒಂದೇ ಪದವನ್ನು. ಈ ಸಾಲು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ತಿಳಿಯಬೇಕಾದರೆ ಎರಡೂ ಪರೀಕ್ಷೆಗಳಲ್ಲಿ ರೋಗಿಯಿಂದ ಮಾಡಿಸುವುದೇನು ಎಂಬಲ್ಲಿಂದ ಶುರುಮಾಡಬೇಕು.

ಡಿಜಿಟ್ ಸ್ಪ್ಯಾನ್ ಹಳೆಯ ಪರೀಕ್ಷೆ. 1887ರಲ್ಲಿ ಲಂಡನ್ನಿನ ಜೋಸೆಫ್ ಜೇಕಬ್ಸ್ ಇದರ ಬಗ್ಗೆ ಬರೆದರು. 1939ರಲ್ಲಿ ಡೇವಿಡ್ ವೆಕ್ಸ್‌ಲರ್ ತಮ್ಮ ಬುದ್ಧಿಮಾಪನದಲ್ಲಿ ಇದನ್ನು ಸೇರಿಸಿಕೊಂಡರು. ಪರೀಕ್ಷಕರು ಸೆಕೆಂಡಿಗೆ ಒಂದರಂತೆ, ಏರಿಳಿತವಿಲ್ಲದ ದನಿಯಲ್ಲಿ ಅಂಕಿಗಳನ್ನು ಹೇಳುತ್ತಾರೆ. ರೋಗಿ ಮೊದಲು ಅವನ್ನು ಕೇಳಿದ ಕ್ರಮದಲ್ಲೇ ಹೇಳಬೇಕು, ಇದು ಫಾರ್‌ವರ್ಡ್. ಆಮೇಲೆ ಬೇರೆ ಅಂಕಿಗಳನ್ನು ಕೇಳಿ ಕೊನೆಯಿಂದ ಮೊದಲಿಗೆ ಹೇಳಬೇಕು, ಇದು ಬ್ಯಾಕ್‌ವರ್ಡ್. ಪ್ರತಿ ಉದ್ದಕ್ಕೂ ಎರಡೆರಡು ಅವಕಾಶ. ಎರಡೂ ತಪ್ಪಿದರೆ ಅಲ್ಲಿಗೆ ನಿಲ್ಲಿಸುತ್ತಾರೆ. ಆರೋಗ್ಯವಂತ ವಯಸ್ಕರು ಮುಂದಕ್ಕೆ ಆರೇಳು ಅಂಕಿ, ಹಿಂದಕ್ಕೆ ನಾಲ್ಕೈದು ಅಂಕಿ ಹೇಳುವುದು ಸಾಮಾನ್ಯ. ಹಿಂದಕ್ಕೆ ಮೂರು ಎಂದರೆ ಗಡಿಯ ಮೇಲಿದ್ದಂತೆ. ಎರಡಕ್ಕೆ ನಿಂತರೆ ವಯಸ್ಕರಲ್ಲಿ ಅದು ಕೊರತೆಯೇ.

ಸ್ಪೇಷಿಯಲ್ ಸ್ಪ್ಯಾನ್ ಅಷ್ಟು ಹಳೆಯದಲ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಬ್ರೆಂಡಾ ಮಿಲ್ನರ್ ಅವರ ವಿದ್ಯಾರ್ಥಿಯಾಗಿದ್ದ ಫಿಲಿಪ್ ಕೋರ್ಸಿ 1972ರ ತಮ್ಮ ಪ್ರಬಂಧದಲ್ಲಿ ಬಳಸಿದ ಹಲಗೆಯೇ ಇದರ ಮೂಲ. ಹಲಗೆಯ ಮೇಲೆ ಒಂಬತ್ತು ಮರದ ತುಂಡುಗಳು ಚದುರಿದಂತೆ ಅಂಟಿಕೊಂಡಿರುತ್ತವೆ. ಪರೀಕ್ಷಕರು ಕೆಲವನ್ನು ಒಂದರ ನಂತರ ಒಂದು ಮುಟ್ಟುತ್ತಾರೆ, ರೋಗಿಯೂ ಅದೇ ಕ್ರಮದಲ್ಲಿ ಮುಟ್ಟಬೇಕು. ಇಲ್ಲಿಯೂ ಮುಂದಕ್ಕೆ, ಹಿಂದಕ್ಕೆ ಎಂಬ ಎರಡು ಬಗೆಗಳಿವೆ. ಐದಾರು ತುಂಡುಗಳ ಸರಣಿ ಹೆಚ್ಚಿನವರಿಗೆ ದಕ್ಕುತ್ತದೆ.

ಎರಡನ್ನೂ ಅಕ್ಕಪಕ್ಕ ಇಟ್ಟಾಗ ಅಂಕಿಯದು ಮಾತಿನ ನೆನಪು, ತುಂಡಿನದು ಜಾಗದ ನೆನಪು, ಒಂದು ಕೆಟ್ಟಿದೆ, ಇನ್ನೊಂದು ಚೆನ್ನಾಗಿದೆ ಎಂದು ಓದಿಬಿಡುವ ಆಸೆ ಸಹಜ. ಹಾಗೆ ಓದಲು ಆಧಾರವೂ ಇದೆ. 1974ರಲ್ಲಿ ಅಲನ್ ಬ್ಯಾಡಲಿ ಮತ್ತು ಗ್ರಹಾಂ ಹಿಚ್ ಮುಂದಿಟ್ಟ ಮಾದರಿಯ ಪ್ರಕಾರ, ಮನಸ್ಸು ಸದ್ಯಕ್ಕೆ ಬೇಕಾದ್ದನ್ನು ಹಿಡಿದಿಟ್ಟುಕೊಳ್ಳಲು ದನಿಗೊಂದು, ನೋಟಕ್ಕೊಂದು ಬೇರೆ ಬೇರೆ ಜಾಗ ಇಟ್ಟುಕೊಂಡಿದೆ. ಅವೆರಡನ್ನೂ ಬಳಸಿ ಕೆಲಸ ನಡೆಸುವ ಒಂದು ನಿಯಂತ್ರಣವೂ ಮೇಲಿದೆ. ಅದಕ್ಕೂ ಮುಂಚೆ, 1969ರಲ್ಲಿ, ಎಲಿಜಬೆತ್ ವಾರಿಂಗ್ಟನ್ ಮತ್ತು ಟಿಮ್ ಶಾಲಿಸ್ ಕೆ.ಎಫ್. ಎಂಬ ರೋಗಿಯ ಬಗ್ಗೆ ಬರೆದಿದ್ದರು. ಮಿದುಳಿನ ಎಡಭಾಗಕ್ಕೆ ಹಾನಿಯಾಗಿದ್ದ ಆತನಿಗೆ ಕೇಳಿದ ಎರಡು ಅಂಕಿಯನ್ನು ಮರಳಿ ಹೇಳುವುದೂ ಕಷ್ಟವಾಗಿತ್ತು, ಆದರೂ ಹೊಸ ವಿಷಯಗಳನ್ನು ಕಲಿತು ನೆನಪಿಡುತ್ತಿದ್ದ. ದನಿಯ ನೆನಪು ಒಂಟಿಯಾಗಿಯೇ ಕುಸಿಯಬಹುದು ಎಂಬುದು ಆಗ ಸ್ಪಷ್ಟವಾಯಿತು.

ಆದರೆ ನಮ್ಮ ಸಾಲಿನಲ್ಲಿ ಒಂದು ತೊಡಕಿದೆ. ಅದರಲ್ಲಿ ಕಡಿಮೆಯಾಗಿರುವುದು ಬ್ಯಾಕ್‌ವರ್ಡ್. ಕೆ.ಎಫ್. ಸೋತದ್ದು ಫಾರ್‌ವರ್ಡ್‌ನಲ್ಲೇ. ಹಾಗಾಗಿ ವರದಿಯಲ್ಲಿ ಮೊದಲು ಹುಡುಕಬೇಕಾದ್ದು ಆ ಸಾಲಿನಲ್ಲಿ ಇಲ್ಲದ ಸಂಖ್ಯೆಯನ್ನು, ಫಾರ್‌ವರ್ಡ್ ಎಷ್ಟು ಎಂಬುದನ್ನು. ಫಾರ್‌ವರ್ಡ್ ಮೂರೋ ನಾಲ್ಕೋ ಇದ್ದು ಬ್ಯಾಕ್‌ವರ್ಡ್ ಎರಡು ಇದ್ದರೆ ಕತೆ ತಿರುಗಿಸುವುದರದ್ದಲ್ಲ. ಅಂಕಿಗಳು ಒಳಗೇ ನಿಲ್ಲುತ್ತಿಲ್ಲ. ಆಗ ಕಿವಿ ಸರಿಯಾಗಿ ಕೇಳುತ್ತದೆಯೇ, ಮಾತು ಅರ್ಥವಾಗುತ್ತದೆಯೇ, ಎಡಮಿದುಳಿನ ಭಾಷೆಯ ಪ್ರದೇಶಕ್ಕೆ ಪೆಟ್ಟಾಗಿದೆಯೇ ಎಂದು ನೋಡಬೇಕು. ಫಾರ್‌ವರ್ಡ್ ಆರು ಇದ್ದು ಬ್ಯಾಕ್‌ವರ್ಡ್ ಮಾತ್ರ ಇಳಿದಿದ್ದರೆ, ಹಿಡಿದಿಟ್ಟುಕೊಂಡೇ ಅದನ್ನು ಕಲಸಿ ಜೋಡಿಸುವ ಕೆಲಸದಲ್ಲಿ ತೊಂದರೆ. ಇವೆರಡು ಬೇರೆ ಬೇರೆ ವರದಿಗಳು. ಕೆಲವೆಡೆ ಎಲ್ಲವನ್ನೂ ಕೂಡಿಸಿ ಡಿಜಿಟ್ ಸ್ಪ್ಯಾನ್ ಎಂಬ ಒಂದೇ ಅಂಕ ಕೊಡುತ್ತಾರೆ. ಆ ಮೊತ್ತದಲ್ಲಿ ಈ ವ್ಯತ್ಯಾಸ ಮುಳುಗಿಹೋಗುತ್ತದೆ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ಸ್ಪೇಷಿಯಲ್ ಸ್ಪ್ಯಾನ್‌ನಲ್ಲಿ ಹಿಂದಕ್ಕೆ ಮುಟ್ಟುವುದು ಮುಂದಕ್ಕೆ ಮುಟ್ಟುವುದಕ್ಕಿಂತ ಹೆಚ್ಚು ಕಷ್ಟವಲ್ಲ. ಅನೇಕರಲ್ಲಿ ಎರಡೂ ಸರಿಸುಮಾರು ಒಂದೇ ಬರುತ್ತವೆ. ಕಾರಣ ಹಲಗೆಯಲ್ಲೇ ಇದೆ. ತುಂಡುಗಳು ಕಣ್ಣೆದುರೇ ಇರುತ್ತವೆ, ಮುಟ್ಟಿದ ಕ್ರಮ ಒಂದು ದಾರಿಯಂತೆ ಮನಸ್ಸಿನಲ್ಲಿ ಮೂಡುತ್ತದೆ, ಹೋದ ದಾರಿಯಲ್ಲೇ ಮರಳಿ ಬರುವುದು ದೊಡ್ಡ ಮಾತಲ್ಲ. ಅಂಕಿಗಳು ಹಾಗಲ್ಲ. ಹೇಳಿದ ಕೂಡಲೇ ಅವು ಗಾಳಿಗೆ ಹೋದವು. ಹಿಂದಿನಿಂದ ಹೇಳಬೇಕಾದರೆ ಒಳಗೇ ಮತ್ತೆ ಮತ್ತೆ ಮೊದಲಿನಿಂದ ಹೇಳಿಕೊಂಡು ಕೊನೆಯದನ್ನು ಕಿತ್ತು ತೆಗೆಯಬೇಕು, ಆಗಲೇ ಹೇಳಿದ್ದನ್ನು ಬಿಡಬೇಕು. ಆದ್ದರಿಂದ ‘ಸ್ಪೇಷಿಯಲ್ ಬ್ಯಾಕ್‌ವರ್ಡ್ ಸಾಮಾನ್ಯವಾಗಿದೆ, ಅಂದರೆ ನಿಯಂತ್ರಣ ಶಕ್ತಿ ಗಟ್ಟಿಯಿದೆ, ಕೊರತೆ ಮಾತಿನಲ್ಲಿ ಮಾತ್ರ’ ಎಂದು ಬರೆಯುವುದು ಆತುರದ ತೀರ್ಮಾನ. ಹೆಸರು ಒಂದೇ ಆದರೂ ಎರಡು ಬ್ಯಾಕ್‌ವರ್ಡ್‌ಗಳ ಭಾರ ಒಂದೇ ಅಲ್ಲ. ಹಗುರವಾದದ್ದನ್ನು ಎತ್ತಿದ ಮಾತ್ರಕ್ಕೆ ತೋಳಿನಲ್ಲಿ ಬಲವಿದೆ ಎಂದು ಹೇಳಲಾಗದು.

ಹಾಗಾದರೆ ಸಾಮಾನ್ಯವಾಗಿರುವ ಸ್ಪೇಷಿಯಲ್ ಸ್ಪ್ಯಾನ್‌ನಿಂದ ಏನೂ ತಿಳಿಯುವುದಿಲ್ಲವೇ? ತಿಳಿಯುತ್ತದೆ. ರೋಗಿ ತೂಕಡಿಸುತ್ತಿದ್ದರೆ, ಔಷಧಿಯ ಮಂಪರಿನಲ್ಲಿದ್ದರೆ, ಮನಸ್ಸೇ ಇಲ್ಲದೆ ಕುಳಿತಿದ್ದರೆ ಎರಡೂ ಇಳಿಯುತ್ತಿದ್ದವು. ಒಂದು ನೇರವಾಗಿ ನಿಂತಿದೆ ಎಂದರೆ ಗಮನವೇ ಒಟ್ಟಾಗಿ ಕುಸಿದಿಲ್ಲ. ಇನ್ನೂ ಒಂದು ವಿಷಯವಿದೆ. ಕೆಲವರು ಅಂಕಿಗಳನ್ನು ಮನಸ್ಸಿನ ಕಣ್ಣಿನಲ್ಲಿ ಬರೆದುಕೊಂಡು ಬಲದಿಂದ ಎಡಕ್ಕೆ ಓದುತ್ತಾರೆ. ಬಲಮಿದುಳಿಗೆ ಹಾನಿಯಾಗಿ ನೋಟದ ಒಂದು ಬದಿಯನ್ನು ಗಮನಿಸದವರಲ್ಲಿ ಬ್ಯಾಕ್‌ವರ್ಡ್ ಇಳಿಯಲು ಇದೂ ಕಾರಣವಿರಬಹುದು. ಸ್ಪೇಷಿಯಲ್ ಚೆನ್ನಾಗಿದ್ದರೆ ಆ ದಾರಿಯ ಅನುಮಾನ ಕಡಿಮೆಯಾಗುತ್ತದೆ.

ಒಂದು ಪ್ರಕರಣ ನೋಡೋಣ. ವಿವರಣೆಗಾಗಿ ಕಟ್ಟಿದ್ದು, ಆದರೆ ಇಂಥವರು ಯಾವ ಕ್ಲಿನಿಕ್‌ನಲ್ಲೂ ಸಿಗುತ್ತಾರೆ. 52 ವರ್ಷದ ಒಬ್ಬರು, ತುಮಕೂರಿನ ಕಡೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದವರು. ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಆರು ತಿಂಗಳಾಗಿದೆ. ‘ಫೋನಿನಲ್ಲಿ ಮೂರು ಸಾಮಾನು ಹೇಳಿದರೆ ನಡುವಿನದು ಹೋಗಿಬಿಡುತ್ತೆ ಸಾರ್’ ಎಂಬುದು ಅವರ ದೂರು. ಮೊದಲ ಪರೀಕ್ಷೆ ಇಂಗ್ಲಿಷ್ ಅಂಕಿಗಳಲ್ಲಿ ನಡೆಯಿತು: ಫಾರ್‌ವರ್ಡ್ 5, ಬ್ಯಾಕ್‌ವರ್ಡ್ 2. ಸ್ಪೇಷಿಯಲ್ ಮುಂದಕ್ಕೆ 5, ಹಿಂದಕ್ಕೂ 5.

ಪರೀಕ್ಷಕರು ಇಲ್ಲಿಗೆ ನಿಲ್ಲಿಸದೆ, ‘ನೀವು ಮನಸ್ಸಿನಲ್ಲಿ ಲೆಕ್ಕ ಹಾಕುವುದು ಯಾವ ಭಾಷೆಯಲ್ಲಿ?’ ಎಂದು ಕೇಳಿದರು. ಅವರ ಮಗ್ಗಿ, ಕೂಡಿಕೆ ಎಲ್ಲ ಕನ್ನಡದಲ್ಲಿ. ಫೋನ್ ನಂಬರು ಮಾತ್ರ ಇಂಗ್ಲಿಷಿನಲ್ಲಿ. ಬೇರೆ ಅಂಕಿಗಳನ್ನು ತೆಗೆದುಕೊಂಡು ಕನ್ನಡದಲ್ಲಿ ಮಾಡಿಸಿದಾಗ ಫಾರ್‌ವರ್ಡ್ 6, ಬ್ಯಾಕ್‌ವರ್ಡ್ 3 ಬಂತು. ಎರಡನೆಯ ಸಲದ ಅಭ್ಯಾಸದ ಲಾಭವೂ ಇದರಲ್ಲಿ ಸ್ವಲ್ಪ ಇದ್ದೀತು. ಆದರೂ ಒಗ್ಗಿದ ಭಾಷೆ ಸಹಾಯ ಮಾಡಿದೆ ಎನ್ನಬಹುದು. ಇದಕ್ಕೆ ವಿರುದ್ಧವಾಗಿ ಎಳೆಯುವ ಸಂಗತಿಯೂ ಒಂದಿದೆ. ಇಂಗ್ಲಿಷಿನ ಹೆಚ್ಚಿನ ಅಂಕಿಗಳು ಒಂದೇ ಉಸಿರಿನ ಒಂದು ತುಣುಕು. ನಮ್ಮ ‘ನಾಲ್ಕು’, ‘ಎಂಟು’, ‘ಒಂಬತ್ತು’ ಎರಡು ಮೂರು ತುಣುಕು. ಹೇಳಲು ಹೆಚ್ಚು ಹೊತ್ತು ಬೇಕಾದ ಅಂಕಿಗಳು ದನಿಯ ನೆನಪಿನಲ್ಲಿ ಕಡಿಮೆ ಹಿಡಿಸುತ್ತವೆ ಎಂಬುದನ್ನು 1980ರಲ್ಲಿ ಎಲ್ಲಿಸ್ ಮತ್ತು ಹೆನಲಿ ವೆಲ್ಷ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರಲ್ಲಿ ತೋರಿಸಿದ್ದಾರೆ. ಆದ್ದರಿಂದ ಅಮೆರಿಕದ ಮಾನದಂಡವನ್ನು ಕನ್ನಡದ ಅಂಕಿಗೆ ಹಾಗೇ ಹೊಂದಿಸುವುದು ತಪ್ಪು. ಓದಿನ ಮಟ್ಟವಂತೂ ಅಂಕಿ ಹೇಳುವ ಸಾಮರ್ಥ್ಯವನ್ನು ಬಲವಾಗಿ ಬದಲಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ಪರೀಕ್ಷಾ ಕೈಪಿಡಿಯಲ್ಲಿ ವಯಸ್ಸು, ಓದು, ಲಿಂಗಗಳ ಪ್ರಕಾರ ಬೇರೆ ಬೇರೆ ಮಾನದಂಡ ಇಟ್ಟಿರುವುದು ಇದೇ ಕಾರಣಕ್ಕೆ.

ಈಗ ತಪ್ಪುಗಳ ಕಡೆಗೆ. ‘ಐದು, ಎರಡು, ಎಂಟು, ಆರು’ ಎಂದಾಗ ಇವರು ಹೇಳಿದ್ದು ‘ಆರು, ಎಂಟು, ಐದು, ಎರಡು’. ನಾಲ್ಕು ಅಂಕಿಯೂ ಇವೆ, ಕ್ರಮ ಮಾತ್ರ ಕೆಟ್ಟಿದೆ. ಒಂದೆರಡು ಅಂಕಿ ಬಿಟ್ಟುಹೋಗಿದ್ದರೆ ಹಿಡಿಯುವುದರ ತೊಂದರೆ ಎನ್ನಬಹುದಿತ್ತು. ಮುಂದಕ್ಕೇ ಹೇಳಿಬಿಟ್ಟಿದ್ದರೆ ನಿಯಮವೇ ಮರೆತಿದೆ ಅಥವಾ ತಡೆದುಕೊಳ್ಳಲಾಗುತ್ತಿಲ್ಲ ಎಂದಾಗುತ್ತಿತ್ತು. ಕಾಗದದ ಮೇಲೆ ಮೂರಕ್ಕೂ ಸೊನ್ನೆಯೇ ಬೀಳುತ್ತದೆ. ಅದಕ್ಕೇ ಒಳ್ಳೆಯ ಪರೀಕ್ಷಕರು ಉತ್ತರವನ್ನು ಅಕ್ಷರಶಃ ಬರೆದಿಟ್ಟುಕೊಳ್ಳುತ್ತಾರೆ.

ಇನ್ನೂ ಒಂದು ಎಚ್ಚರಿಕೆ ಬೇಕು. ಆರು ಮತ್ತು ಮೂರರ ನಡುವಿನ ವ್ಯತ್ಯಾಸ ಮೂರು. ಆರೋಗ್ಯವಂತರಲ್ಲೂ ಇಷ್ಟು ಅಂತರ ಅಪರೂಪವಲ್ಲ. ಇಪ್ಪತ್ತು ಪರೀಕ್ಷೆ ಮಾಡಿಸಿದರೆ ಯಾರಿಗಾದರೂ ಒಂದೆರಡರಲ್ಲಿ ಕಡಿಮೆ ಬರುತ್ತದೆ. ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದರೂ, ‘ನಾನು ಪರೀಕ್ಷೆಯಲ್ಲಿ ಕೂತಿದ್ದೇನೆ’ ಎಂಬ ಗಾಬರಿಯಿದ್ದರೂ ಒಂದು ಅಂಕಿ ಇಳಿಯಬಹುದು. ಹಾಗಾಗಿ ಪರೀಕ್ಷಕರು ಇದೇ ಶಕ್ತಿಯನ್ನು ಬೇರೆ ದಾರಿಯಿಂದ ಕೇಳುವ ಪರೀಕ್ಷೆಗಳನ್ನು ನೋಡಿದರು. ಬಾಯಿಲೆಕ್ಕದಲ್ಲಿ ಎರಡು ಹೆಜ್ಜೆಯ ಲೆಕ್ಕಗಳು ತಪ್ಪಿದವು, ಒಂದು ಹೆಜ್ಜೆಯವು ಸರಿಯಾದವು. ಕೇಳುತ್ತಿರುವ ಸರಣಿಯಲ್ಲಿ ಎರಡು ಸ್ಥಾನ ಹಿಂದೆ ಬಂದದ್ದೇ ಮತ್ತೆ ಬಂದರೆ ಗುರುತಿಸಬೇಕಾದ ಎನ್-ಬ್ಯಾಕ್ ಪರೀಕ್ಷೆಯಲ್ಲಿ ದನಿಯ ಭಾಗ ಕಡಿಮೆ, ಚಿತ್ರದ ಭಾಗ ಸಾಧಾರಣಕ್ಕಿಂತ ತುಸು ಕೆಳಗೆ. ಕತೆ ಕೇಳಿ ಅರ್ಧ ಗಂಟೆಯ ನಂತರ ಹೇಳುವುದು ಮಾತ್ರ ಚೆನ್ನಾಗಿತ್ತು. ನಾಲ್ಕೂ ಸೇರಿದಾಗ ಒಂದು ಆಕಾರ ಬಂತು: ದೀರ್ಘ ನೆನಪು ಗಟ್ಟಿ, ಮಾತಿನ ವಿಷಯವನ್ನು ತಲೆಯಲ್ಲೇ ಇಟ್ಟುಕೊಂಡು ಅದರ ಮೇಲೆ ಕೆಲಸ ಮಾಡುವುದು ಸೌಮ್ಯವಾಗಿ ಕುಗ್ಗಿದೆ, ಚಿತ್ರದ ಎನ್-ಬ್ಯಾಕ್ ಕೂಡ ಸ್ವಲ್ಪ ಇಳಿದಿರುವುದರಿಂದ ನಿಯಂತ್ರಣ ಶಕ್ತಿಯನ್ನು ಪೂರ್ತಿ ಸುರಕ್ಷಿತವೆಂದು ಹೇಳಲಾಗದು. ಸ್ಪೇಷಿಯಲ್ ಸ್ಪ್ಯಾನ್ ಒಂದನ್ನೇ ನಂಬಿದ್ದರೆ ಈ ಕೊನೆಯ ಮಾತು ತಪ್ಪಿಹೋಗುತ್ತಿತ್ತು.

ವರದಿಯಲ್ಲಿ ಬರೆಯಬಾರದ್ದೂ ಇದೆ. ಬ್ಯಾಕ್‌ವರ್ಡ್ 3 ಎಂದ ಮಾತ್ರಕ್ಕೆ ‘ಮುಂಭಾಗದ ಮಿದುಳಿಗೆ ಹಾನಿ’ ಎನ್ನಲಾಗದು. ಹಾನಿ ಎಲ್ಲಿದೆ ಎಂದು ಹೇಳುವುದು ಸ್ಕ್ಯಾನ್‌ನ ಕೆಲಸ. ಬುದ್ಧಿ ಮಂದವಾಗಿದೆ, ಮರೆವಿನ ರೋಗ ಶುರುವಾಗಿದೆ ಎಂಬುದಕ್ಕೂ ಇದು ಸಾಕ್ಷಿಯಲ್ಲ. ಅವರಿಗೆ ಉಪಯೋಗವಾದ ಸಲಹೆ ಸರಳವಾಗಿತ್ತು. ಫೋನಿನ ಆರ್ಡರನ್ನು ಕೇಳುತ್ತಲೇ ಬರೆದುಕೊಳ್ಳುವುದು, ಒಂದು ಸಲಕ್ಕೆ ಒಂದೇ ಸಾಮಾನು ಹೇಳಲು ಗಿರಾಕಿಗೆ ಕೇಳುವುದು, ಅಂಗಡಿಯ ಕಪಾಟುಗಳ ನಕ್ಷೆಯ ಮೇಲೆ ಗುರುತು ಹಾಕುವುದು. ಜಾಗದ ನೆನಪು ಚೆನ್ನಾಗಿರುವವರಿಗೆ ಕೊನೆಯದು ಹೇಳಿಮಾಡಿಸಿದಂತಿತ್ತು. ಆರು ತಿಂಗಳ ನಂತರ ಕನ್ನಡದ ಅಂಕಿಗಳಲ್ಲೇ ಮತ್ತೆ ಪರೀಕ್ಷೆ ಎಂದು ಬರೆದುಕೊಟ್ಟರು.

ನಿಮ್ಮ ಮನೆಯವರ ವರದಿಯಲ್ಲಿ ಇಂಥ ಸಾಲು ಕಂಡರೆ ಪರೀಕ್ಷಕರನ್ನು ಮೂರು ಮಾತು ಕೇಳಿ: ಫಾರ್‌ವರ್ಡ್ ಎಷ್ಟಿತ್ತು, ಅಂಕಿಗಳನ್ನು ಯಾವ ಭಾಷೆಯಲ್ಲಿ ಹೇಳಿದಿರಿ, ಇದೇ ಕೊರತೆ ಬೇರೆ ಯಾವ ಪರೀಕ್ಷೆಯಲ್ಲಿ ಕಂಡಿತು? ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ಆ ‘ಕಡಿಮೆ’ಯನ್ನು ಇನ್ನೂ ರೋಗದ ಲಕ್ಷಣವೆಂದು ಒಪ್ಪಿಕೊಳ್ಳಬೇಡಿ.