ಶೇಕರ್ ತಳದಲ್ಲಿ ಉಳಿಯುವ ಕ್ರಿಯಾಟಿನ್

ಪುಣೆಯ ನಮ್ಮ ಜಿಮ್‌ನಲ್ಲಿ ಕ್ರಿಯಾಟಿನ್ ಶುರು ಮಾಡಿದ ಹುಡುಗರು ಮೊದಲ ವಾರ ಹೇಳುವ ದೂರು ಒಂದೇ: ಹೊಟ್ಟೆ ಗುಡುಗುಡು, ಉಬ್ಬರ, ಕೆಲವರಿಗೆ ಭೇದಿ. ಹೆಚ್ಚಿನವರು ಬೈಯುವುದು ಪುಡಿಯನ್ನು. ಆದರೆ ಎಷ್ಟು ನೀರಿಗೆ ಎಷ್ಟು ಪುಡಿ ಹಾಕಿದೆವು ಎಂಬುದನ್ನು ಮೊದಲು ನೋಡಬೇಕು.

ಹಾವೇರಿ ಕಡೆಯ ಗೆಳೆಯನೊಬ್ಬ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 10 ಗ್ರಾಂ ಪುಡಿಯನ್ನು ಫ್ರಿಜ್‌ನ 250 ಮಿ.ಲೀ. ನೀರಿಗೆ ಹಾಕಿ, ಅಲ್ಲಾಡಿಸಿ, ಒಂದೇ ಗುಟುಕಿಗೆ ಕುಡಿಯುತ್ತಿದ್ದ. ಸ್ವಲ್ಪ ಹೊತ್ತಿಗೇ ಟಾಯ್ಲೆಟ್‌ಗೆ ಓಟ. ನಾಲ್ಕನೇ ದಿನ, ‘ಸಾಕಪಾ ಈ ಪುಡಿ ಸಹವಾಸ’ ಎಂದ. ಅವನ ಶೇಕರ್ ತಳದಲ್ಲಿ ಸಣ್ಣ ಮರಳಿನಂಥದ್ದು ಅಂಟಿಕೊಂಡಿತ್ತು.

ಅಲ್ಲೇ ಲೆಕ್ಕ ಹಾಕಿದೆವು. ಸಾಮಾನ್ಯ ಕ್ರಿಯಾಟಿನ್ ಮೊನೊಹೈಡ್ರೇಟ್ 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು 14 ಗ್ರಾಂ. ಫ್ರಿಜ್‌ನ 4 ಡಿಗ್ರಿ ನೀರಿನಲ್ಲಿ ಬರೀ 6 ಗ್ರಾಂ. ಅಂದರೆ ಅವನ ಕಾಲು ಲೀಟರ್‌ನಲ್ಲಿ ಕರಗಿದ್ದು ಹೆಚ್ಚೆಂದರೆ ಒಂದೂವರೆ ಗ್ರಾಂ. ಉಳಿದ ಎಂಟೂವರೆ ಗ್ರಾಂನಲ್ಲಿ ಬಹುಪಾಲು ಪುಡಿಯಾಗಿಯೇ ಹೊಟ್ಟೆಗೆ ಹೋಗಿತ್ತು. ರಕ್ತಕ್ಕೆ ಸೇರದೆ ಕರುಳಿನಲ್ಲೇ ಉಳಿದ ಪುಡಿ ಅಲ್ಲಿಗೆ ನೀರು ಎಳೆದುಕೊಳ್ಳುತ್ತದೆ. ಆ ಗುಡುಗುಡು ಅದರದ್ದೇ.

ಪ್ರಮಾಣದ ವಿಷಯವನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. 2008ರಲ್ಲಿ ಫುಟ್‌ಬಾಲ್ ಆಟಗಾರರ ಮೇಲೆ ನಡೆದ ಅಧ್ಯಯನವೊಂದರಲ್ಲಿ, 10 ಗ್ರಾಂ ಒಟ್ಟಿಗೆ ತೆಗೆದುಕೊಂಡವರಲ್ಲಿ ಭೇದಿ ಹೆಚ್ಚಿತ್ತು. ಅದನ್ನೇ ಐದೈದು ಗ್ರಾಂ ಮಾಡಿ ಎರಡು ಸಲ ತೆಗೆದುಕೊಂಡವರಲ್ಲಿ ಕಡಿಮೆ.

ಗೆಳೆಯ ಬದಲಿಸಿದ್ದು ಇಷ್ಟೇ. ಮೊದಲ ವಾರ ದಿನಕ್ಕೆ 20 ಗ್ರಾಂ ನುಂಗುವ ‘ಲೋಡಿಂಗ್’ ಕೈಬಿಟ್ಟ. ದಿನಕ್ಕೆ 3 ಗ್ರಾಂನಂತೆ ತೆಗೆದುಕೊಂಡರೂ ಸುಮಾರು ನಾಲ್ಕು ವಾರದಲ್ಲಿ ಸ್ನಾಯು ಅದೇ ಮಟ್ಟಕ್ಕೆ ತುಂಬುತ್ತದೆ, ಅವಸರವೇನು? ಈಗ ದಿನಕ್ಕೆ 5 ಗ್ರಾಂ: ತಿಂಡಿ ಆದಮೇಲೆ ಎರಡೂವರೆ, ರಾತ್ರಿ ಊಟದ ನಂತರ ಎರಡೂವರೆ. ಚಮಚದ ಅಂದಾಜು ನಂಬದೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತಾನೆ. ಪ್ರತಿ ಸಲ ದೊಡ್ಡ ಲೋಟದಷ್ಟು, ಅಂದರೆ 200 ಮಿ.ಲೀ.ಗೂ ಮಿಕ್ಕಿ, ಉಗುರುಬೆಚ್ಚಗಿನ ನೀರು. ಗಾಜಿನ ಲೋಟವೇ ಒಳ್ಳೆಯದು. ಕಲಕಿ ಎರಡು ನಿಮಿಷ ಬಿಟ್ಟು ಬೆಳಕಿಗೆ ಹಿಡಿದರೆ ತಳ ಸ್ವಚ್ಛವಾಗಿದೆಯೇ ತಿಳಿಯುತ್ತದೆ. ಕಾಳು ಕಂಡರೆ ಇನ್ನಷ್ಟು ನೀರು. ಕಲಸಿ ದಿನಗಟ್ಟಲೆ ಇಡಬಾರದು. ನೀರಿನಲ್ಲಿ ಅದು ನಿಧಾನವಾಗಿ ಕ್ರಿಯಾಟಿನಿನ್ ಆಗುತ್ತದೆ. ಒಂದೇ ವಾರದಲ್ಲಿ ಅವನ ಬೆಳಗಿನ ಓಟ ನಿಂತಿತು.

ಉಬ್ಬರದ ಮಾತು ಸ್ವಲ್ಪ ಬೇರೆ. ತೂಕ ಒಂದೆರಡು ಕಿಲೋ ಏರಿ ಮೈ ತುಂಬಿದಂತೆ ಅನಿಸುವುದು ಸ್ನಾಯುವಿಗೆ ಸೇರಿದ ನೀರು. ಎಷ್ಟು ಚೆನ್ನಾಗಿ ಕರಗಿಸಿದರೂ ಅದು ಹೋಗದು. ಹೊಟ್ಟೆಯಲ್ಲೇ ಗಾಳಿ ತುಂಬುತ್ತಿದ್ದರೆ ಜೊತೆಗೆ ಬೆರೆಸುವ ಹಾಲು ಅಥವಾ ಪ್ರೋಟೀನ್ ಪುಡಿಯ ಮೇಲೂ ಅನುಮಾನ ಇರಲಿ. ಒಂದು ವಾರ ಕ್ರಿಯಾಟಿನ್ ಮಾತ್ರ ನೀರಿನಲ್ಲಿ ಕುಡಿದು ನೋಡಿ.

ಇಷ್ಟೆಲ್ಲ ಮಾಡಿಯೂ ಭೇದಿ ನಿಲ್ಲದಿದ್ದರೆ ಪುಡಿ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಕಿಡ್ನಿ ತೊಂದರೆ ಇರುವವರು ಶುರು ಮಾಡುವ ಮೊದಲೇ ಕೇಳಬೇಕು.